ನಿದ್ದೆ ಕೆಡಿಸುತ್ತಿದ್ದದ್ದು ಲಾರಿಯಲ್ಲ, ಬೀಪ್

ಉಡುಪಿಯಲ್ಲಿ ನಮ್ಮ ಮನೆ ಹೆದ್ದಾರಿ 66ರ ಪಕ್ಕ. ರಾತ್ರಿ ಲಾರಿ ಸದ್ದು ಮರೆಸಲು ಮಳೆ ಸದ್ದು ಹಾಕಿಕೊಂಡು ಮಲಗುತ್ತೇನೆ, ಅದೂ ಮಗ್ಗುಲಾಗಿ. ಇಯರ್‌ಬಡ್ ದಿಂಬಿಗೆ ಒತ್ತಿ ಕಿವಿ ನೋಯುತ್ತಿತ್ತು, ಹಾಗಾಗಿ ಒಳಗೆ ಸ್ಪೀಕರ್ ಇರುವ ಬಟ್ಟೆಯ ಹೆಡ್‌ಬ್ಯಾಂಡ್ ತಂದೆ. ಒಳಗಿನ ತೆಳು ಸ್ಪೀಕರನ್ನು ಚೂರು ಮುಂದಕ್ಕೆ ಸರಿಸಿದ ಮೇಲೆ ನೋವಿಲ್ಲ.

ಆದರೂ ಮಲಗಿದ ಮುಕ್ಕಾಲು ಗಂಟೆಗೆ ಎಚ್ಚರ! ಲಾರಿ ಸದ್ದೇ ಕಾರಣ ಅಂದುಕೊಂಡಿದ್ದೆ. ಒಂದು ರಾತ್ರಿ ನಿದ್ದೆ ಮಾಡದೆ ಸುಮ್ನೆ ಗಮನಿಸಿದೆ. ಫೋನಿನ ಟೈಮರ್ 30 ನಿಮಿಷಕ್ಕೆ ಮಳೆ ಸದ್ದನ್ನು ನಿಲ್ಲಿಸುತ್ತಿತ್ತು. ಆಮೇಲೆ 15 ನಿಮಿಷ ಏನೂ ಕೇಳಿಸದಿದ್ದರೆ ಬ್ಯಾಂಡ್ ತಾನೇ ಆಫ್ ಆಗುತ್ತಿತ್ತು, ಅದೂ ಜೋರಾಗಿ ಬೀಪ್ ಹೊಡೆದು. ಆ ಬೀಪ್ ಕಡಿಮೆ ಮಾಡುವ ಸೆಟ್ಟಿಂಗ್ ಇರಲಿಲ್ಲ.

ಈಗ ಟೈಮರ್ ತೆಗೆದಿದ್ದೇನೆ. ಫೋನಿನಲ್ಲೇ ಇಳಿಸಿಕೊಂಡ ಮಳೆ ಸದ್ದು ಬೆಳಗಿನವರೆಗೆ ರಿಪೀಟ್ ಆಗುತ್ತದೆ. ವಾಲ್ಯೂಮ್ ಕಡಿಮೆ ಸಾಕು, ಅಮ್ಮ ಕರೆದರೆ ಕೇಳಬೇಕಲ್ವಾ? ಲಾರಿಯ ದಪ್ಪ ಗುಡುಗು ಇನ್ನೂ ಸ್ವಲ್ಪ ಕೇಳುತ್ತದೆ, ಆದರೆ ಎಚ್ಚರವಾಗುವುದಿಲ್ಲ. ದಿನಾ ಬೆಳಿಗ್ಗೆ ಚಾರ್ಜ್‌ಗೆ ಹಾಕಬೇಕು, ಅಷ್ಟೇ.