ಥಾಯ್ಲೆಂಡಿನಲ್ಲಿ ಶುದ್ಧ ಸಸ್ಯಾಹಾರ: ಊರು ಆರಿಸುವುದರಿಂದ ಊಟ ಕೇಳುವವರೆಗೆ

ವಿದೇಶಕ್ಕೆ ಹೊರಡುವ ನಮ್ಮ ಸಸ್ಯಾಹಾರಿ ಕುಟುಂಬಗಳು ಮೊದಲು ವಿಚಾರಿಸುವುದು, ಅಲ್ಲಿ ಇಂಡಿಯನ್ ಹೋಟೆಲ್ ಇದೆಯೇ ಎಂದು. ಹೀಗೆ ಹೊರಟವರ ಪ್ರವಾಸವೆಲ್ಲ ಆ ಒಂದು ಹೋಟೆಲಿನ ಸುತ್ತಲೇ ಸುತ್ತುವುದನ್ನು ಬಹಳ ಸಲ ನೋಡಿದ್ದೇನೆ. ದೇವಾಲಯ ನೋಡುವುದನ್ನು ಅರ್ಧಕ್ಕೇ ಬಿಟ್ಟು, ಟ್ಯಾಕ್ಸಿ ಹಿಡಿದು, ದುಬಾರಿ ಬೆಲೆ ಕೊಟ್ಟು ನಾನ್ ಮತ್ತು ಪನ್ನೀರ್ ತಿಂದು ಬರುತ್ತಾರೆ. ನಿಜವಾಗಿ ವಿಚಾರಿಸಬೇಕಾದದ್ದು ಬೇರೆ: ಆ ದೇಶದ ಜನರಲ್ಲೇ ವ್ರತಕ್ಕೋ ಹರಕೆಗೋ ಮಾಂಸ, ಮೀನು ಬಿಡುವ ಪದ್ಧತಿ ಇದೆಯೇ? ಇದ್ದರೆ ಅವರಿಗಾಗಿ ಅಡುಗೆ ಮಾಡುವ ಅಂಗಡಿಗಳೂ ಇರುತ್ತವೆ, ಅಲ್ಲಿ ನಮಗೂ ಊಟ ದೊರೆಯುತ್ತದೆ.

ಮೊದಲ ಹಂತ: ದೇಶದ ಆಯ್ಕೆ

ಬೌದ್ಧ ದೇಶವೆಂದ ಮಾತ್ರಕ್ಕೆ ಸಸ್ಯಾಹಾರ ಸಿಗುತ್ತದೆಂದು ನಂಬಬೇಡಿ. ಥಾಯ್ಲೆಂಡಿನಲ್ಲಿ ಭಿಕ್ಷುಗಳೂ ಸಾಮಾನ್ಯವಾಗಿ ಭಿಕ್ಷೆಯಲ್ಲಿ ಬಂದ ಮಾಂಸವನ್ನು ಉಣ್ಣುತ್ತಾರೆ. ಜಪಾನಿನಲ್ಲಿ ಬರಿಯ ತರಕಾರಿಯಂತೆ ಕಾಣುವ ಪಲ್ಯವೂ ಒಣಮೀನಿನ ಸಾರಿನಲ್ಲಿ ಬೆಂದಿರುವುದು ಸಾಮಾನ್ಯವಾದ್ದರಿಂದ, ಮೊದಲ ಸಲ ಹೊರಡುವವರಿಗೆ ಆ ದೇಶವನ್ನು ನಾನು ಸೂಚಿಸುವುದಿಲ್ಲ. ಎಲ್ಲಕ್ಕಿಂತ ಸುಲಭವಾದದ್ದು ತೈವಾನ್. ಅಲ್ಲಿ ಸಸ್ಯಾಹಾರಿ ಪೊಟ್ಟಣಗಳ ಮೇಲೆ ಮೊಟ್ಟೆ, ಹಾಲು, ಈರುಳ್ಳಿ-ಬೆಳ್ಳುಳ್ಳಿಯ ವರ್ಗ ಇವೆಯೇ ಎಂಬುದನ್ನು ಸ್ಪಷ್ಟವಾಗಿ ನಮೂದಿಸುವ ನಿಯಮವಿದೆ. ಆದರೆ ನಮ್ಮವರು ಹೆಚ್ಚಾಗಿ ಹೋಗುವುದು ಥಾಯ್ಲೆಂಡಿಗೆ, ಹೆಚ್ಚಾಗಿ ಎಡವುವುದೂ ಅಲ್ಲಿಯೇ. ಆದ್ದರಿಂದ ಮುಂದಿನದೆಲ್ಲ ಆ ದೇಶದ ಬಗ್ಗೆ.

ಎರಡನೆಯ ಹಂತ: ಕಾಲ ಮತ್ತು ವಸತಿ

ಥಾಯ್ಲೆಂಡಿನ ಚೀನೀ ಮೂಲದ ಜನರಲ್ಲಿ ‘ಜೇ’ ಎಂಬ ಕಟ್ಟುನಿಟ್ಟಾದ ಆಹಾರವ್ರತವಿದೆ. ಮಾಂಸ, ಮೀನು, ಮೊಟ್ಟೆ, ಹಾಲು ಮಾತ್ರವಲ್ಲದೆ ಈರುಳ್ಳಿ, ಬೆಳ್ಳುಳ್ಳಿಯೂ ಅದರಲ್ಲಿ ನಿಷಿದ್ಧ. ಚೀನೀ ಪಂಚಾಂಗದ ಒಂಬತ್ತನೆಯ ತಿಂಗಳ ಮೊದಲ 9 ದಿನಗಳಲ್ಲಿ, ಎಂದರೆ ಸಾಮಾನ್ಯವಾಗಿ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಒಳಗೆ, ಈ ವ್ರತದ ಹಬ್ಬ ನಡೆಯುತ್ತದೆ. ಆಗ ಬ್ಯಾಂಕಾಕಿನ ಯಾವರಾತ್ ಬೀದಿಯ ಉದ್ದಕ್ಕೂ ಜೇ ಅಂಗಡಿಗಳು ತುಂಬಿರುತ್ತವೆ. ಫುಕೆಟ್‌ನ ಹಬ್ಬವೂ ಪ್ರಸಿದ್ಧವೇ, ಆದರೆ ಅಲ್ಲಿನ ಮೆರವಣಿಗೆಯಲ್ಲಿ ಭಕ್ತರು ಕೆನ್ನೆಗೆ ಸಲಾಕೆ ಚುಚ್ಚಿಕೊಂಡು ನಡೆಯುವುದರಿಂದ ಚಿಕ್ಕ ಮಕ್ಕಳಿರುವವರು ಯೋಚಿಸಿ ಹೋಗಬೇಕು. ಉಳಿದ ಕಾಲದಲ್ಲಿ ಹೋಗುವುದಾದರೆ, ನಡೆದು ಹೋಗುವಷ್ಟು ದೂರದಲ್ಲಿ ಜೇ ಅಂಗಡಿ ಇರುವ ಕಡೆ ಕೋಣೆ ಹಿಡಿಯಿರಿ.

ಮೂರನೆಯ ಹಂತ: ಅಂಗಡಿಯಲ್ಲಿ ಊಟ ಕೇಳುವುದು

ಕೆಲಸ ಕೆಡುವುದು ಇಲ್ಲಿಯೇ. ‘ವೆಜಿಟೇರಿಯನ್’ ಎಂದರೆ ಬೀದಿಬದಿಯ ಅಡುಗೆಯವರು ಸಾಮಾನ್ಯವಾಗಿ ಮಾಂಸದ ತುಂಡು ಬೇಡವೆಂದು ತಿಳಿಯುತ್ತಾರೆ, ಮೀನಿನ ಸಾಸನ್ನು ಬಿಡುವುದಿಲ್ಲ. ಅವರಿಗೆ ಅದು ನಮ್ಮ ಅಡುಗೆಯ ಉಪ್ಪಿನ ಹಾಗೆ, ಹಾಕಿದ್ದು ಗಮನಕ್ಕೂ ಬರುವುದಿಲ್ಲ. ಆದ್ದರಿಂದ ‘ಕಿನ್ ಜೇ’ ಎನ್ನಿರಿ, ಅಂದರೆ ಜೇ ಉಣ್ಣುವವರು ಎಂದು. ಅದರ ಜೊತೆಗೆ ‘ಮೈ ಸಾಯ್ ನಾಮ್ ಪ್ಲಾ’ (ಮೀನಿನ ಸಾಸ್ ಹಾಕಬೇಡಿ), ‘ಮೈ ಸಾಯ್ ಖಾಯ್’ (ಮೊಟ್ಟೆ ಹಾಕಬೇಡಿ) ಎಂದೂ ಸೇರಿಸಿ. ‘ಮಾಂಗ್‌ಸವಿರತ್’ ಎಂಬ ಇನ್ನೊಂದು ಮಾತು ಕಿವಿಗೆ ಬೀಳುತ್ತದೆ. ಅದರಲ್ಲಿ ಮೊಟ್ಟೆಗೆ ಅವಕಾಶವಿರುವುದರಿಂದ ನಾವು ಅದನ್ನು ಬಳಸಬಾರದು. ಉಚ್ಚಾರಣೆಯ ಭರವಸೆಯಿಲ್ಲದವರು ವಸತಿಗೃಹದ ಸಿಬ್ಬಂದಿಯಿಂದ ಥಾಯ್ ಲಿಪಿಯಲ್ಲಿ ಚೀಟಿ ಬರೆಸಿಕೊಳ್ಳಲಿ. ಅದರಲ್ಲಿ ಮಾಂಸ, ಕೋಳಿ, ಮೊಟ್ಟೆಗಳ ಜೊತೆಗೆ ಮೀನಿನ ಸಾಸ್, ಸಿಗಡಿ ಪೇಸ್ಟ್, ಆಯ್ಸ್ಟರ್ ಸಾಸ್, ಎಲುಬಿನ ಸಾರು ಈ ನಾಲ್ಕನ್ನೂ ಹೆಸರಿಟ್ಟು ಬರೆಸಬೇಕು. ಕಣ್ಣಿಗೆ ಕಾಣದೆ ಅಡುಗೆಗೆ ಹೆಚ್ಚಾಗಿ ಸೇರುವುದು ಈ ನಾಲ್ಕು.

ಇಷ್ಟಾದರೂ ಮಾಮೂಲಿ ಗಾಡಿಯಲ್ಲಿ ಏನಾಗುತ್ತದೆಂದು ಸೋಮ್ ತಮ್ ಎಂಬ ಪಪ್ಪಾಯಿಕಾಯಿಯ ಕೋಸಂಬರಿಯಿಂದ ತಿಳಿಯಬಹುದು. ಗಾಡಿಯಾಕೆ ಎತ್ತರದ ಒರಳಿಗೆ ಬೆಳ್ಳುಳ್ಳಿ, ಹಸಿಮೆಣಸು ಹಾಕಿ ಒನಕೆಯಿಂದ ಕುಟ್ಟುತ್ತಾಳೆ. ಆಮೇಲೆ ತಾಳೆಬೆಲ್ಲ, ನಿಂಬೆರಸ, ಟೊಮೆಟೊ, ಅಲಸಂದೆ ಕಾಯಿ, ಕಡಲೆಬೀಜ, ತುರಿದ ಪಪ್ಪಾಯಿಕಾಯಿ ಬೀಳುತ್ತವೆ. ನೀವು ಕೇಳಿದಿರೆಂದು ಒಣಸಿಗಡಿಯನ್ನು ಬಿಡುತ್ತಾಳೆ, ಆದರೆ ರೂಢಿಯಿಂದ ಕೈ ಮೀನಿನ ಸಾಸಿನ ಬಾಟಲಿಗೆ ಹೋಗಿಬಿಡುತ್ತದೆ. ಅದನ್ನು ತಡೆದಿರೆಂದರೂ, ಹಿಂದಿನ ಗಿರಾಕಿಗೆ ಅದೇ ಒರಳಿನಲ್ಲಿ ಉಪ್ಪಿನ ಏಡಿಯನ್ನೋ ಕೊಳೆಹಾಕಿದ ಮೀನಿನ ರಸವನ್ನೋ ಕುಟ್ಟಿರಬಹುದು, ನಡುವೆ ಒರಳು ತೊಳೆಯುವುದು ಅಪರೂಪ. ಆದ್ದರಿಂದ ಸೋಮ್ ತಮ್ ತಿನ್ನುವ ಆಸೆಯಿದ್ದರೆ ಜೇ ಅಂಗಡಿಯಲ್ಲಿಯೇ ತಿನ್ನಿ. ಅಲ್ಲಿ ಮೀನಿನ ಸಾಸಿಗೆ ಬದಲು ಸೋಯಾ ಸಾಸ್ ಬೀಳುತ್ತದೆ, ಬೆಳ್ಳುಳ್ಳಿ ಇರುವುದೇ ಇಲ್ಲ.

ಜೇ ಅಂಗಡಿಯನ್ನು ಗುರುತಿಸಲು ಹಳದಿ ಬಾವುಟ ಅಥವಾ ಫಲಕದ ಮೇಲೆ ಕೆಂಪು ಅಕ್ಷರ ನೋಡಿ. ಥಾಯ್ ಓದಲು ಬಾರದವರ ಕಣ್ಣಿಗೆ ಆ ಬರಹ ಸುಮಾರಾಗಿ 17 ಎಂಬ ಅಂಕಿಯಂತೆ ಕಾಣುತ್ತದೆ. ಸೂಪರ್‌ಮಾರ್ಕೆಟ್ಟಿನ ಪೊಟ್ಟಣಗಳ ಮೇಲೂ ಇದೇ ಗುರುತಿರುತ್ತದೆ. ಇಂಥ ಅಂಗಡಿಗಳಲ್ಲಿ ಬಾತುಕೋಳಿಯಂತೆ, ಮೀನಿನಂತೆ ಕಾಣುವ ತುಂಡುಗಳನ್ನು ಕಂಡು ಎದ್ದು ಹೋಗುವವರಿದ್ದಾರೆ. ಅವು ಸೋಯಾ, ಗೋಧಿಯ ಅಂಟು ಅಥವಾ ಅಣಬೆಯಿಂದ ಮಾಡಿದವು. ನೋಟ ಹಿಡಿಸದಿದ್ದರೆ ಪಕ್ಕದ ತಟ್ಟೆಯ ಸೊಪ್ಪು, ಕುಂಬಳದ ಪಲ್ಯ ತೋರಿಸಿ ಅನ್ನದ ಮೇಲೆ ಹಾಕಿಸಿಕೊಳ್ಳಿ. ಈ ಅಂಗಡಿಗಳಲ್ಲಿ ಬಹಳಷ್ಟು ಬೆಳಿಗ್ಗೆಯೇ ಅಡುಗೆ ಮಾಡಿಟ್ಟು ಮಧ್ಯಾಹ್ನದ ವೇಳೆಗೆ ಖಾಲಿ ಮಾಡುತ್ತವೆ. ಆದ್ದರಿಂದ ದಿನದ ದೊಡ್ಡ ಊಟವನ್ನು ಹನ್ನೊಂದು ಗಂಟೆಯ ಹೊತ್ತಿಗೆ ಮುಗಿಸಿ, ರಾತ್ರಿಗೆ ಬೇಕಾದದ್ದನ್ನು ಆಗಲೇ ಕಟ್ಟಿಸಿಕೊಳ್ಳುವುದು ಒಳ್ಳೆಯದು.

ಜೇ ಅಂಗಡಿಯ ಹೊರಗೆ ಟೋಫುವನ್ನು, ಅಂದರೆ ಸೋಯಾ ಹಾಲಿನ ಪನ್ನೀರನ್ನು, ಕಣ್ಣುಮುಚ್ಚಿ ನಂಬಬಾರದು. ನೂಡಲ್ಸ್ ಗಾಡಿಯಲ್ಲಿ ಪನ್ನೀರಿನಂತೆ ಬೆಳ್ಳಗೆ, ಚೌಕವಾಗಿ, ಅಂಚು ಹುರಿದು ಕಾಣುವ ತುಂಡು ಮೀನಿನ ಟೋಫು ಆಗಿರಬಹುದು. ಒತ್ತಿದರೆ ರಬ್ಬರಿನಂತೆ ಪುಟಿಯುವುದು ಅದರ ಗುರುತು. ತಿಳಿಹಳದಿ ಬಣ್ಣದ, ಬಿಲ್ಲೆಬಿಲ್ಲೆಯಾಗಿ ಕತ್ತರಿಸಿದ, ತುಂಬ ಮೆತ್ತಗಿನ ಟೋಫುವಿನಲ್ಲಿ ಮೊಟ್ಟೆಯಿರುತ್ತದೆ. ಮಾಮೂಲಿ ಅಂಗಡಿಯ ಕೆಂಪು, ಹಸಿರು ಮೇಲೋಗರಗಳ ಮಸಾಲೆಯಲ್ಲಿ ಸಾಮಾನ್ಯವಾಗಿ ಸಿಗಡಿ ಪೇಸ್ಟ್ ಅರೆದಿರುತ್ತಾರೆ. ಮೊದಲೇ ಅರೆದಿಟ್ಟ ಮಸಾಲೆಯಿಂದ ಅದನ್ನು ಬೇರ್ಪಡಿಸಲಾಗದು. ಆದ್ದರಿಂದ ತರಕಾರಿ ತುಂಬಿದ ಮೇಲೋಗರವನ್ನೂ ಅಲ್ಲಿ ಕೇಳಬೇಡಿ.

ನಾಲ್ಕನೆಯ ಹಂತ: ಚೀಲ

ಅಂಗಡಿಯ ಉಪ್ಪಿಟ್ಟಿನ ದಿಢೀರ್ ಪೊಟ್ಟಣಗಳನ್ನು ನಾನು ಯಾರಿಗೂ ಸೂಚಿಸುವುದಿಲ್ಲ. ಅವು ಉಪ್ಪು ಹೆಚ್ಚಾಗಿ, ರವೆ ಗಂಟಾಗಿ, ಎರಡನೆಯ ದಿನಕ್ಕೇ ಬೇಸರ ತರಿಸುತ್ತವೆ. ಮನೆಯಲ್ಲಿ ಹುರಿದು ಪುಡಿಮಾಡಿದ ಗೊಜ್ಜವಲಕ್ಕಿ, ಹುರಿಹಿಟ್ಟು, ಕೊಬ್ಬರಿ ಕಡಿಮೆ ಹಾಕಿದ ಚಟ್ನಿಪುಡಿ ಇದ್ದರೆ ಸಾಕು. ಕೋಣೆಯ ಕೆಟಲಿನ ಬಿಸಿನೀರು ಹಾಕಿ ಮುಚ್ಚಿಟ್ಟರೆ ಗೊಜ್ಜವಲಕ್ಕಿ ಹತ್ತು ನಿಮಿಷಕ್ಕೆ ಅರಳುತ್ತದೆ. ಕೆಟಲಿನೊಳಗೆ ಅನ್ನ, ನೂಡಲ್ಸ್ ಬೇಯಿಸಬೇಡಿ, ಮುಂದೆ ಬರುವವರ ಚಹಾ ಕೆಡುತ್ತದೆ. ಮೊಸರನ್ನ ಬೇಕೇ ಬೇಕೆನ್ನುವವರು ಅಲ್ಲಿನ ಮೊಸರಿನ ಡಬ್ಬಿ ಕೊಳ್ಳುವ ಮುನ್ನ ಪದಾರ್ಥಗಳ ಪಟ್ಟಿಯಲ್ಲಿ ಜೆಲಾಟಿನ್ ಇದೆಯೇ ಎಂದು ನೋಡಬೇಕು, ಏಕೆಂದರೆ ಮೊಸರನ್ನು ಗಟ್ಟಿಯಾಗಿಸಲು ಸೇರಿಸುವ ಆ ವಸ್ತುವನ್ನು ಪ್ರಾಣಿಗಳ ಚರ್ಮ, ಎಲುಬುಗಳಿಂದ ತಯಾರಿಸುತ್ತಾರೆ.