ಮಗನ ಟ್ಯಾಬ್‌ನಲ್ಲಿ ತೆರೆಯದ ಯಕ್ಷಗಾನ

ಹೊನ್ನಾವರದ ಕಡೆಯ ನಮ್ಮ ಊರಿನಲ್ಲಿ ಅಣ್ಣನ ಮಗಳು ಮೊದಲ ಬಾರಿಗೆ ಬಾಲಗೋಪಾಲ ವೇಷ ಕಟ್ಟಿದ್ದಳು. ಯಕ್ಷಗಾನದ ಆಟ ಯೂಟ್ಯೂಬ್‌ನಲ್ಲಿ ನೇರಪ್ರಸಾರವಾಗುತ್ತಿತ್ತು. ಅಮ್ಮ ಕಳಿಸಿದ ಲಿಂಕನ್ನು ಹತ್ತು ವರ್ಷದ ಮಗನ ಟ್ಯಾಬ್‌ನಲ್ಲಿ ಒತ್ತಿದರೆ ವಿಡಿಯೊ ಲಭ್ಯವಿಲ್ಲ ಎಂಬ ಸೂಚನೆ ಬಂತು. ನನ್ನ ಮೊಬೈಲ್‌ನಲ್ಲಿ ಅದೇ ಲಿಂಕ್ ಸಲೀಸಾಗಿ ತೆರೆಯಿತು.

ಅಂದರೆ ತಡೆ ಇದ್ದದ್ದು ವಿಡಿಯೊದಲ್ಲಲ್ಲ, ಅವನ ಖಾತೆಯಲ್ಲಿ. ಅದು ನನ್ನ ಖಾತೆಗೆ ಜೋಡಿಸಿದ, ನಾನೇ ಮೇಲ್ವಿಚಾರಣೆ ಮಾಡುವ ಖಾತೆ. ಟ್ಯಾಬ್ ಹಿಡಿದವರು ಅಪ್ಪನೋ ಅಜ್ಜಿಯೋ ಎಂದು ಯೂಟ್ಯೂಬ್ ನೋಡುವುದಿಲ್ಲ. ಯಾರ ಖಾತೆ ತೆರೆದಿದೆಯೋ ಆ ಖಾತೆಯ ಮಿತಿಯೇ ಅನ್ವಯಿಸುತ್ತದೆ. ಹಾಗಾದರೆ ನಾನೇ ಯಾವಾಗಲೋ ಆ ಚಾನೆಲನ್ನು ನಿರ್ಬಂಧಿಸಿದ್ದೆನೇ? ಅದೇ ಚಾನೆಲಿನ ಹಳೆಯ ಪ್ರಸಂಗವೊಂದನ್ನು ಟ್ಯಾಬ್‌ನಲ್ಲಿ ಒತ್ತಿದೆ. ಭಾಗವತರ ಪದ್ಯ ಕೇಳಿಸಿತು. ಚಾನೆಲಿಗೆ ತಡೆಯಿಲ್ಲ, ನೇರಪ್ರಸಾರಕ್ಕೆ ಮಾತ್ರ ಇದೆ.

ಕಾರಣ ನಾನು ಆರಿಸಿದ್ದ ಹಂತ. ಇಂಥ ಖಾತೆಗೆ ಮೂರು ಹಂತಗಳಿವೆ. Explore ಸುಮಾರು ಒಂಬತ್ತು ವರ್ಷ ದಾಟಿದವರಿಗೆ, Explore More ಹದಿಮೂರು ದಾಟಿದವರಿಗೆ; Most of YouTube ಎಂಬಲ್ಲಿ ಹದಿನೆಂಟು ದಾಟಿದವರಿಗೆಂದು ಗುರುತಿಸಿದ ವಿಡಿಯೊಗಳು ಮತ್ತು ಕೆಲವು ಸೂಕ್ಷ್ಮ ವಿಷಯಗಳನ್ನು ಬಿಟ್ಟು ಹೆಚ್ಚುಕಡಿಮೆ ಎಲ್ಲವೂ ಸಿಗುತ್ತದೆ. ಮಗನಿಗೆ ನಾನು ಆರಿಸಿದ್ದ ಮೊದಲ ಹಂತದಲ್ಲಿ ನೇರಪ್ರಸಾರಗಳೇ ಇಲ್ಲ. ಮುಂದಿನ ಕ್ಷಣ ಪರದೆಯ ಮೇಲೆ ಏನು ಬರುತ್ತದೆ ಎಂದು ಮೊದಲೇ ಪರೀಕ್ಷಿಸಲಾಗದಲ್ಲ! ಅಲ್ಲಿ ರಾಮಾಯಣವೂ ಒಂದೇ, ಬೀದಿ ಜಗಳವೂ ಒಂದೇ.

ಈ ಒಂದು ವಿಡಿಯೊಗೆ ಮಾತ್ರ ಅನುಮತಿ ಕೊಡಲು ದಾರಿ ಹುಡುಕಿದೆ. ಸಿಗಲಿಲ್ಲ. ನಾವೇ ಆರಿಸಿದ್ದನ್ನಷ್ಟೇ ತೋರಿಸುವ ವ್ಯವಸ್ಥೆ ಚಿಕ್ಕ ಮಕ್ಕಳ YouTube Kids ಆ್ಯಪ್‌ನಲ್ಲಿದೆ; ಇಲ್ಲಿ ಚಾನೆಲನ್ನು ತಡೆಯಬಹುದೇ ಹೊರತು ಹಂತದ ಆಚೆಗಿರುವ ಒಂದನ್ನೇ ಒಳಗೆ ಬಿಡಲಾಗದು. ಇದು ನನಗೆ ಇಂದಿಗೂ ಒಪ್ಪಿಗೆಯಾಗದ ಸಂಗತಿ. ನನ್ನ ಮೊಬೈಲ್‌ನ Family Link ಆ್ಯಪ್‌ನಲ್ಲಿ ಮಗನ ಹೆಸರು ಒತ್ತಿ, ಯೂಟ್ಯೂಬ್ ನಿರ್ಬಂಧಗಳಿಗೆ ಹೋಗಿ, Explore More ಆರಿಸಿದೆ. ಟ್ಯಾಬ್‌ನಲ್ಲಿ ಯೂಟ್ಯೂಬನ್ನು ಮುಚ್ಚಿ ಮತ್ತೆ ತೆರೆದಾಗ ಚೆಂಡೆಯ ಸದ್ದು ಕೇಳಿತು. ಪಕ್ಕದಲ್ಲಿ ಲೈವ್ ಚಾಟ್ ಇರಲಿಲ್ಲ. ಕಾಮೆಂಟ್ ಬರೆಯುವುದು, ಚಾಟ್ ಮಾಡುವುದು ಈ ಖಾತೆಗಳಿಗೆ ಇಲ್ಲ. ತಂಗಿಗೆ ಶಹಬ್ಬಾಸ್ ಹೇಳಬೇಕೆಂದಿದ್ದ ಮಗ ಮುಖ ಊದಿಸಿಕೊಂಡ. ಕೊನೆಗೆ ಅಜ್ಜಿಗೆ ಫೋನ್ ಮಾಡಿ ಹೇಳಿದ.

ಹಂತ ಏರಿಸಿದರೆ ನೇರಪ್ರಸಾರವೊಂದೇ ಅಲ್ಲ, ಹದಿಮೂರರ ವಯಸ್ಸಿಗೆಂದು ಬಿಟ್ಟದ್ದೆಲ್ಲ ಒಳಗೆ ಬರುತ್ತದೆ. ಆಟ ಮುಗಿದದ್ದು ನಡುರಾತ್ರಿ. ಬೆಳಿಗ್ಗೆ ಅವನು ಏಳುವ ಮೊದಲೇ Explore ಹಂತಕ್ಕೆ ಮರಳಿಸಿದೆ.