ಆರು ಸಾಲಿನ ಬಯೋ: ನನ್ನ ಅನುಭವ

"ಬಯೋ ಯಾರು ಓದ್ತಾರೆ ಮಾರಾಯಾ? ಫೋಟೋ ನೋಡ್ತಾರೆ, ರೇಟ್ ಕೇಳ್ತಾರೆ, ಮುಗೀತು." ಕಾರವಾರದಲ್ಲಿ ಸ್ಟುಡಿಯೋ ಇಟ್ಟಿರುವ ಗೆಳೆಯ ಎರಡು ವರ್ಷ ನನಗೆ ಇದನ್ನೇ ಹೇಳಿದ. ಕಳೆದ ಸೀಸನ್‌ನಲ್ಲಿ ನನಗೆ ಬಂದ ಹದಿನಾಲ್ಕೋ ಹದಿನೈದೋ ಮದುವೆ ಫೋಟೋ ಕೆಲಸಗಳಲ್ಲಿ ಒಂಬತ್ತು ಮನೆಯವರು, ವೆಬ್‌ಸೈಟಿನಲ್ಲಿ ನನ್ನ ಬಗ್ಗೆ ಬರೆದುಕೊಂಡ ಬಯೋದಲ್ಲಿದ್ದ ಯಾವುದಾದರೊಂದು ಮಾತು ಹಿಡಿದೇ ಫೋನ್ ಮಾಡಿದ್ದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಮೊದಲ ಬಯೋ ದುಡ್ಡು ಕೊಟ್ಟು ಬರೆಸಿದ್ದು. ವೆಬ್‌ಸೈಟ್ ಮಾಡಿಕೊಟ್ಟವರು ಬರವಣಿಗೆಗೆಂದು ಬೇರೆಯೇ ಆರು ಸಾವಿರ ತೆಗೆದುಕೊಂಡರು. ಇಂಗ್ಲಿಷ್‌ನಲ್ಲಿ ಒಂದೂವರೆ ಪುಟ. ನೆನಪುಗಳನ್ನು ಸೆರೆಹಿಡಿಯುವವನು, ಬೆಳಕಿನ ಜೊತೆ ಮಾತಾಡುವವನು ಎಂದೆಲ್ಲ ಇತ್ತು. ಕೆಳಗೆ ಮದುವೆ, ಪ್ರೀ ವೆಡ್ಡಿಂಗ್, ಮಗುವಿನ ಫೋಟೋ, ವನ್ಯಜೀವಿ, ಪ್ರಾಡಕ್ಟ್, ಡ್ರೋನ್ ಸೇರಿ ಹನ್ನೊಂದು ಬಗೆಯ ಕೆಲಸಗಳ ಪಟ್ಟಿ. ಅದನ್ನು ನೋಡಿ ಬಂದ ಕರೆಗಳೆಲ್ಲ "ಕಡಿಮೆಗೆ ಎಷ್ಟಕ್ಕೆ ಮಾಡ್ತೀರಿ" ಎಂದೇ ಶುರುವಾಗುತ್ತಿದ್ದವು. ಎಲ್ಲ ಮಾಡುತ್ತೇನೆ ಎಂದವನ ಹತ್ತಿರ ಜನ ರೇಟನ್ನು ಬಿಟ್ಟು ಬೇರೆ ಏನು ಕೇಳಬೇಕು? ಎರಡು ದಿನದ ಮದುವೆಗೆ ಮೂವತ್ತೈದು ಸಾವಿರದ ಮೇಲೆ ಹೋಗಲು ಆಗಲೇ ಇಲ್ಲ.

ನಾನೇ ಕೂತು ಎರಡನೆಯದನ್ನು ಬರೆದೆ. ಅದು ಇನ್ನೊಂದು ರೀತಿಯಲ್ಲಿ ಕೆಟ್ಟಿತು. ದೊಡ್ಡ ಹೆಸರು ಬೇಕೆಂದು ಒಂದು ರೆಸಾರ್ಟಿನ ಹೆಸರು ಹಾಕಿದ್ದೆ. ಅಲ್ಲಿ ಕೆಲಸ ಮಾಡಿದ್ದು ನಿಜ, ಆದರೆ ಬೇರೆಯವರ ಕೈಕೆಳಗೆ ಎರಡನೇ ಕ್ಯಾಮೆರಾ ಹಿಡಿದು. ಹೆಸರು ತೆಗೆಯಿರಿ ಎಂದು ಅವರಿಂದ ಪತ್ರ ಬಂತು. ಆ ಕೆಲಸ ಕೊಡಿಸಿದ್ದವರು ಮುಂದೆ ನನ್ನನ್ನು ಕರೆಯಲಿಲ್ಲ. ವರ್ಷಕ್ಕೆ ನಲವತ್ತು ಸಾವಿರದ ಕೆಲಸ ಹಾಗೇ ಹೋಯಿತು. ಈಗ ನನ್ನ ಹೆಸರಿನಲ್ಲೇ ಬಿಲ್ ಆದ ಕೆಲಸ ಮಾತ್ರ ಬಯೋದಲ್ಲಿ ಬರುತ್ತದೆ. ಹೆಸರು ಹಾಕುವುದಾದರೆ ವಾಟ್ಸಾಪಿನಲ್ಲಾದರೂ ಒಪ್ಪಿಗೆ ಬರೆಸಿಕೊಂಡಿರುತ್ತೇನೆ. ಇಲ್ಲದಿದ್ದರೆ ಕೆಲಸವನ್ನೇ ಹೇಳುತ್ತೇನೆ. "ಏಳು ಹೋಂಸ್ಟೇಗಳ ಕೋಣೆ, ಊಟದ ಚಿತ್ರಗಳು" ಎಂದರೆ ಎಂಟನೇ ಹೋಂಸ್ಟೇಯವರಿಗೆ ಅಷ್ಟು ಸಾಕು. ಒಂದು ದೊಡ್ಡ ಹೆಸರಿಗಿಂತ ಅವರಿಗೆ ತಮ್ಮಂಥವರೇ ಏಳು ಮಂದಿ ಹೆಚ್ಚು.

ನಿಜವಾದ ತೊಡಕು ಶೈಲಿಯ ಸಾಲು. ಕ್ಯಾಂಡಿಡ್, ನೈಸರ್ಗಿಕ, ಸಿನಿಮ್ಯಾಟಿಕ್ ಎಂದು ಎಲ್ಲರೂ ಬರೆಯುತ್ತಾರೆ, ನಾನೂ ಬರೆದಿದ್ದೆ. ಒಂದು ದಿನ ಪೋರ್ಟ್‌ಫೋಲಿಯೋದ ಮೊದಲ ಹನ್ನೆರಡು ಚಿತ್ರಗಳನ್ನು ಪೋಸ್ಟ್‌ಕಾರ್ಡ್ ಅಳತೆಯಲ್ಲಿ ಪ್ರಿಂಟ್ ಹಾಕಿಸಿ, ದಿನಾ ಕೂರುವ ಚಾ ಅಂಗಡಿಯ ಮೇಜಿನ ಮೇಲೆ ಹರಡಿದೆ. ಫೋಟೋಗ್ರಫಿಗೆ ಸಂಬಂಧವೇ ಇಲ್ಲದ ಒಂಬತ್ತು ಜನರನ್ನು ಕರೆದು, ಇದರಲ್ಲಿ ಕಣ್ಣಿಗೆ ಬೀಳುವ ಮೂರು ವಸ್ತು ಹೇಳಿ ಅಂದೆ. ಚೆನ್ನಾಗಿದೆಯೋ ಇಲ್ಲವೋ ಎಂದು ಕೇಳಲಿಲ್ಲ. ಆ ಪ್ರಶ್ನೆಗೆ ಪರಿಚಯದವರು ಯಾರೂ ನಿಜ ಹೇಳುವುದಿಲ್ಲ. ಆರು ಜನ "ಮಳೆ" ಎಂದರು. ಐದು ಜನ "ಹೊಗೆ". ಒಬ್ಬ ಅಜ್ಜಿ ಮಾತ್ರ ಚಿತ್ರಗಳನ್ನು ಒಂದೊಂದಾಗಿ ಎತ್ತಿ ನೋಡಿ, "ಎಲ್ಲದರಲ್ಲೂ ಕೈ ಇದ್ದಲ್ಲೋ ತಮಾ" ಎಂದಳು. ಎಣಿಸಿದೆ. ಹನ್ನೆರಡರಲ್ಲಿ ಎಂಟರಲ್ಲಿ ಕೈಗಳು: ಹೋಮಕ್ಕೆ ತುಪ್ಪ ಹಾಕುವ ಕೈ, ಬಾಳೆಲೆ ಒರೆಸುವ ಕೈ, ಯಕ್ಷಗಾನದ ಚೌಕಿಯಲ್ಲಿ ಬಣ್ಣ ಹಚ್ಚಿಕೊಳ್ಳುವ ಕೈ. ಹತ್ತು ವರ್ಷ ನಾನೇ ತೆಗೆದಿದ್ದು ನನಗೇ ಕಂಡಿರಲಿಲ್ಲ. ಶೈಲಿಯ ಸಾಲು ಆ ಮೇಜಿನ ಮೇಲೇ ಹುಟ್ಟಿತು.

ಮೂರಕ್ಕಿಂತ ಹೆಚ್ಚು ಬಗೆಯ ಕೆಲಸ ಹೇಳಬಾರದು ಎಂದೂ ಅಲ್ಲೇ ನಿಶ್ಚಯಿಸಿದೆ. ದಾಂಡೇಲಿಯ ಮಂಗಟ್ಟೆ ಹಕ್ಕಿಯ ಚಿತ್ರಗಳನ್ನು ತೆಗೆದುಹಾಕುವಾಗ ಹೊಟ್ಟೆ ಉರಿಯಿತು. ಆದರೆ ಆ ಹಕ್ಕಿ ನನಗೆ ಒಂದೂ ಮದುವೆ ತಂದಿರಲಿಲ್ಲ. ಬಯೋದಲ್ಲಿ ಹೇಳಿದ ಮೂರಕ್ಕೂ ಗ್ಯಾಲರಿಯ ಮೊದಲ ಪರದೆಯಲ್ಲೇ ಒಂದೊಂದು ಚಿತ್ರ ಇರಬೇಕು. ಇಲ್ಲದಿದ್ದರೆ ಓದಿದವರಿಗೆ ಅನುಮಾನ ಬರುತ್ತದೆ.

ಈಗಿರುವುದು ಇದು:

"ನಾನು ಶಿರಸಿಯ ಫೋಟೋಗ್ರಾಫರ್. ಮನೆಯಂಗಳದ ಚಪ್ಪರದಲ್ಲಿ ನಡೆಯುವ ಮದುವೆ, ಕರಾವಳಿಯ ಹೋಂಸ್ಟೇಗಳು, ಯಕ್ಷಗಾನದ ಚೌಕಿ, ಈ ಮೂರನ್ನೇ ತೆಗೆಯುತ್ತೇನೆ. ಮಳೆಗಾಲದ ಮಂದ ಬೆಳಕು, ಹೋಮದ ಹೊಗೆ, ಕೆಲಸದಲ್ಲಿರುವ ಕೈಗಳು ನನ್ನ ಚಿತ್ರಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಧಾರೆಯ ಹೊತ್ತಿಗೆ ಫ್ಲ್ಯಾಶ್ ಹಾರಿಸುವುದಿಲ್ಲ, ತಾಡಪಾಲಿನ ನೀಲಿ ಮುಖದ ಮೇಲೆ ಉಳಿಯಲು ಬಿಡುವುದಿಲ್ಲ. ಕುಮಟಾ, ಹೊನ್ನಾವರದ ಏಳು ಹೋಂಸ್ಟೇಗಳ ಕೋಣೆ, ಊಟದ ಚಿತ್ರಗಳು ನನ್ನವು. ಮನೆಯಲ್ಲಿ ಅಡಿಕೆ ತೋಟವಿದೆ, ಕೊನೆಕೊಯ್ಲಿನ ಎರಡು ವಾರ ಕ್ಯಾಮೆರಾ ಕೆಳಗಿಟ್ಟಿರುತ್ತೇನೆ."

ದುಡ್ಡು ತಂದದ್ದು ನಾಲ್ಕನೇ ಸಾಲು. ಚಪ್ಪರಕ್ಕೆ ಹೊದಿಸಿದ ನೀಲಿ ತಾಡಪಾಲಿನಿಂದ ಇಳಿಯುವ ಬೆಳಕು ಮುಖಗಳನ್ನೂ ನೀಲಿ ಮಾಡುತ್ತದೆ. ಸಿದ್ದಾಪುರದ ಕಡೆಯ ಒಂದು ಹಳೇ ಮನೆ, ಮಕ್ಕಳೆಲ್ಲ ಬೆಂಗಳೂರಿನಲ್ಲಿ. ಹುಡುಗಿಯ ಅಣ್ಣ ಫೋನ್ ಮಾಡಿ, "ನಮ್ಮ ಅಕ್ಕನ ಮದುವೆ ಆಲ್ಬಮ್‌ನಲ್ಲಿ ಎಲ್ಲರೂ ನೀಲಿ ಇದ್ದಾರೆ. ನೀವು ಅದರ ಬಗ್ಗೆ ಬರೆದಿದ್ದೀರಲ್ಲ, ಅದಕ್ಕೇ ಕೇಳ್ತಿದ್ದೇನೆ" ಎಂದರು. ರೇಟ್ ಕೊನೆಯಲ್ಲಿ ಕೇಳಿದರು. ಎರಡು ದಿನಕ್ಕೆ ಎಂಬತ್ತೈದು ಹೇಳಿದೆ, ಎಂಬತ್ತಕ್ಕೆ ಆಯಿತು. ಬರೆದದ್ದನ್ನು ಮಾಡಿ ತೋರಿಸಬೇಕಲ್ಲ. ಹಿಂದಿನ ದಿನವೇ ಹೋಗಿ ಮಂಟಪದ ಮೇಲಿನ ತಾಡಪಾಲಿಗೆ ಒಳಗಿನಿಂದ ನಾಲ್ಕು ಬಿಳಿ ಪಂಚೆ ಕಟ್ಟಿಸಿದೆ, ಬೆಳಿಗ್ಗೆ ಅದರಡಿ ಗ್ರೇ ಕಾರ್ಡ್ ಹಿಡಿದು, ಬಣ್ಣ ಸರಿಯಾಗಿ ಬರುವಂತೆ ಕ್ಯಾಮೆರಾದ ವೈಟ್ ಬ್ಯಾಲೆನ್ಸ್ ಮಾಡಿಕೊಂಡೆ. ಸಂಜೆ ಹಳದಿ ಬಲ್ಬೂ ಸೇರಿದಾಗ ಏನು ಮಾಡುತ್ತೇನೆ ಎನ್ನುವುದು ನನ್ನಲ್ಲೇ ಇರಲಿ.

ಕೊನೇ ಸಾಲನ್ನು ತೆಗೆಯಿರಿ ಎಂದು ಹಲವರು ಹೇಳಿದರು. ಊರಿನ ಜನ ಆ ಸಾಲಿನಿಂದಲೇ ಮಾತು ಶುರು ಮಾಡುತ್ತಾರೆ: ತೋಟ ಎಲ್ಲಿ, ಅಡಿಕೆ ಒಣಗಿಸಿ ಚಾಲಿ ಮಾಡ್ತೀರೋ, ಬೇಯಿಸಿ ಕೆಂಪೋ. ಆ ಎರಡು ವಾರ ಡೇಟ್ ಕೇಳುವವರೂ ಕಡಿಮೆಯಾದರು. ಖಾಸಗಿ ಸಾಲು ಇಷ್ಟು ಉಪಯೋಗಕ್ಕೆ ಬರಬೇಕು. ಪ್ರವಾಸ ಇಷ್ಟ, ಸಂಗೀತ ಇಷ್ಟ ಎಂದರೆ ಯಾರೂ ಏನೂ ಕೇಳುವುದಿಲ್ಲ.

ನಡುವೆ ಇನ್‌ಸ್ಟಾಗ್ರಾಮಿಗೆ ಇದನ್ನೇ ಚಿಕ್ಕದು ಮಾಡಲು ಹೋಗಿ ಒಂದು ವಾರ ಕಳೆದೆ. ಅಲ್ಲಿ 150 ಅಕ್ಷರದ ಮಿತಿ. ಆದರೆ ಕನ್ನಡದಲ್ಲಿ ಕಾಗುಣಿತದ ಗುರುತು, ಒತ್ತು ಎಲ್ಲ ಬೇರೆ ಬೇರೆ ಲೆಕ್ಕ. "ಛಾಯಾಗ್ರಾಹಕ" ಎಂಬ ಐದಕ್ಷರಕ್ಕೆ ಹತ್ತು ಹೋಗುತ್ತದೆ. ಕೊನೆಗೆ ಅಲ್ಲಿ ಊರು, ಮೂರು ಕೆಲಸ, ಚಪ್ಪರದ ಮಾತು ಇಷ್ಟೇ ಉಳಿಸಿದೆ. "ಇವರು" ಎಂದು ಶುರುವಾಗುವ ಇನ್ನೊಂದು ಪ್ರತಿಯನ್ನು ಪ್ರದರ್ಶನದವರು, ಪತ್ರಿಕೆಯವರು ಕೇಳಿದರೆ ಕೊಡಲು ಇಟ್ಟುಕೊಂಡಿದ್ದೇನೆ. ಮದುವೆ ಮನೆಯವರಿಗೆ "ನಾನು" ಎಂದಿದ್ದೇ ಹಿಡಿಸಿತು. ಎರಡನ್ನೂ ತಿಂಗಳುಗಟ್ಟಲೆ ಹಾಕಿ ನೋಡಿಯೇ ಹೇಳುತ್ತಿದ್ದೇನೆ.

ಹೋದ ತಿಂಗಳು ಕಾರವಾರದ ಗೆಳೆಯನೇ ಹನ್ನೆರಡು ಪ್ರಿಂಟ್ ಹಿಡಿದುಕೊಂಡು ಬಂದ. ಅವನ ಬಯೋದ ಮೊದಲ ಪದವೇ ಡ್ರೋನ್. ಅಲ್ಲಿ ನೌಕಾನೆಲೆ ಇರುವುದರಿಂದ ಅನುಮತಿಯಿಲ್ಲದೆ ಹಾರಿಸುವಂತಿಲ್ಲ. ಡ್ರೋನ್ ಎಂದು ಕೇಳಿಕೊಂಡು ಬಂದ ಪ್ರೀ ವೆಡ್ಡಿಂಗ್ ಜೋಡಿಗಳಲ್ಲಿ ಅರ್ಧದಷ್ಟು ಜನರನ್ನು ಅವನು ವಾಪಸ್ ಕಳಿಸುತ್ತಿದ್ದ. ಪ್ರಿಂಟುಗಳನ್ನು ಅದೇ ಚಾ ಅಂಗಡಿಯಲ್ಲಿ ಹರಡಿದೆವು. ಹನ್ನೆರಡರಲ್ಲಿ ಒಂದೂ ಆಕಾಶದಿಂದ ತೆಗೆದದ್ದಲ್ಲ. ಜನ ಹೇಳಿದ್ದು "ಬಲೆ", "ಹೆಂಗಸರು", "ಬೆಳಗಿನ ಜಾವ". ಅವನು ಈಗ ಮೊದಲ ಸಾಲು ಬರೆಯುತ್ತಿದ್ದಾನೆ.